ಅಕ್ಷರ ಹಿಗ್ಗಿಸುವುದು ಬೇರೆ, ಪರದೆ ಹಿಗ್ಗಿಸುವುದು ಬೇರೆ: ಅಡಿಕೆ ದರಪಟ್ಟಿಯ ಒಂದು ಲೆಕ್ಕ

ಕಣ್ಣು ಮಂಜಾದ ಹಿರಿಯರು ಫೋನ್ ಕೈಗೆ ಕೊಟ್ಟು "ಅಕ್ಷರ ದೊಡ್ಡದು ಮಾಡಿಕೊಡು" ಎಂದಾಗ ನಾವು ಸೆಟ್ಟಿಂಗ್ಸ್ ತೆರೆದು ಕೈಗೆ ಸಿಕ್ಕಿದ್ದನ್ನು ಎಳೆದುಬಿಡುತ್ತೇವೆ. ಆದರೆ ಆಂಡ್ರಾಯ್ಡ್ ಫೋನಿನಲ್ಲಿ ಈ ಕೆಲಸಕ್ಕೆ ಎರಡು ಸೆಟ್ಟಿಂಗ್‌ಗಳಿವೆ. ಒಂದು `Font size`, ಇನ್ನೊಂದು `Display size`. ಹೊಸ ಫೋನುಗಳಲ್ಲಿ ಎರಡೂ `Display size and text` ಎಂಬ ಒಂದೇ ಪುಟದಲ್ಲಿರುತ್ತವೆ. ಸ್ಯಾಮ್‌ಸಂಗ್ ಫೋನಿನಲ್ಲಿ ಎರಡನೆಯದರ ಹೆಸರು `Screen zoom`. ನೋಡಲು ಎರಡೂ ಒಂದೇ ಕೆಲಸ ಮಾಡಿದಂತೆ ಕಾಣುತ್ತವೆ. ಆದರೆ ಆ್ಯಪ್ ತಯಾರಿಸಿದವರು ಅಳತೆಗಳನ್ನು ಬಿಗಿಯಾಗಿ ಕಟ್ಟಿದ್ದರೆ ಒಂದೊಂದು ಸೆಟ್ಟಿಂಗ್ ಒಂದೊಂದು ರೀತಿಯಲ್ಲಿ ಮಾಹಿತಿಯನ್ನು ಕತ್ತರಿಸುತ್ತದೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ದಿನವೂ ನೋಡುವ ಅಡಿಕೆ ದರಪಟ್ಟಿಯನ್ನೇ ಉದಾಹರಣೆಯಾಗಿ ಇಟ್ಟುಕೊಂಡು ಇದನ್ನು ಲೆಕ್ಕ ಹಾಕಿ ನೋಡೋಣ.

ಮೊದಲು ಅಳತೆಯ ಮಾತು. ಪರದೆ ಸಣ್ಣ ಸಣ್ಣ ಚುಕ್ಕಿಗಳಿಂದ ಆಗಿದೆ. ಇವೇ ಪಿಕ್ಸೆಲ್‌ಗಳು. ಒಂದು ಫೋನಿನಲ್ಲಿ ಈ ಚುಕ್ಕಿಗಳು ಒತ್ತಾಗಿ, ಇನ್ನೊಂದರಲ್ಲಿ ವಿರಳವಾಗಿ ಇರುವುದರಿಂದ ಆ್ಯಪ್ ಬರೆಯುವವರು ಪಿಕ್ಸೆಲ್ ಬದಲು ಡಿಪಿ ಎಂಬ ಅಳತೆ ಬಳಸುತ್ತಾರೆ. ಇದು ವಾಟ್ಸಾಪಿನ ಡಿಪಿ ಅಲ್ಲ. ಫೋನಿನ ಸಾಂದ್ರತೆ 160 ಇದ್ದಾಗ ಒಂದು ಡಿಪಿ ಎಂದರೆ ಒಂದು ಪಿಕ್ಸೆಲ್, 480 ಇದ್ದಾಗ ಮೂರು ಪಿಕ್ಸೆಲ್. ಅಕ್ಷರಗಳಿಗೆ ಮಾತ್ರ ಎಸ್‌ಪಿ ಎಂಬ ಇನ್ನೊಂದು ಅಳತೆ ಇದೆ. `Font size` ಸಾಮಾನ್ಯ ಮಟ್ಟದಲ್ಲಿದ್ದಾಗ ಒಂದು ಎಸ್‌ಪಿ ಒಂದು ಡಿಪಿಗೆ ಸಮ. ಅದನ್ನು 1.3 ಪಟ್ಟಿಗೆ ಏರಿಸಿದರೆ ಒಂದು ಎಸ್‌ಪಿ ಸುಮಾರು 1.3 ಡಿಪಿ ಆಗುತ್ತದೆ.

ವ್ಯತ್ಯಾಸ ಇರುವುದು ಇಲ್ಲಿಯೇ. `Font size` ಬದಲಾಯಿಸಿದರೆ ಎಸ್‌ಪಿ ಮಾತ್ರ ಬೆಳೆಯುತ್ತದೆ, ಡಿಪಿ ಇದ್ದಲ್ಲೇ ಇರುತ್ತದೆ. ಅಂದರೆ ಅಕ್ಷರ ಹಿಗ್ಗುತ್ತದೆ, ಅದನ್ನು ಇಟ್ಟಿರುವ ಚೌಕ ಹಿಗ್ಗುವುದಿಲ್ಲ. `Display size` ಬದಲಾಯಿಸಿದರೆ ಫೋನ್ ತನ್ನ ಸಾಂದ್ರತೆಯನ್ನೇ ಬೇರೆ ಎಂದು ಲೆಕ್ಕ ಹಿಡಿಯುತ್ತದೆ. ಆಗ ಅಕ್ಷರ, ಚೌಕ, ಬಟನ್, ಚಿತ್ರ ಎಲ್ಲವೂ ಒಂದೇ ಪ್ರಮಾಣದಲ್ಲಿ ದೊಡ್ಡದಾಗುತ್ತವೆ. ಆದರೆ ಗಾಜು ಹಿಗ್ಗುವುದಿಲ್ಲವಲ್ಲ! ಒಂದೊಂದು ಡಿಪಿ ದೊಡ್ಡದಾದಷ್ಟೂ ಪರದೆಯಲ್ಲಿ ಹಿಡಿಸುವ ಡಿಪಿಗಳ ಸಂಖ್ಯೆ ಕಡಿಮೆಯಾಗುತ್ತದೆ.

ಈಗ ದರಪಟ್ಟಿ. ಇದು ನಾನು ಲೆಕ್ಕಕ್ಕಾಗಿ ಕಟ್ಟಿಕೊಂಡ ಮಾದರಿ. ಫೋನಿನ ಅಗಲ 1080 ಪಿಕ್ಸೆಲ್, ಸಾಂದ್ರತೆ 480. ಹಾಗಾದರೆ ಅಗಲ 1080 × 160 ÷ 480, ಅಂದರೆ 360 ಡಿಪಿ. ಪಟ್ಟಿಯಲ್ಲಿ ಮಾರುಕಟ್ಟೆ, ಬಗೆ, ಕನಿಷ್ಠ ದರ, ಗರಿಷ್ಠ ದರ ಎಂದು ನಾಲ್ಕು ಕಾಲಂಗಳಿವೆ. ಪ್ರತಿಯೊಂದರ ಅಗಲ 90 ಡಿಪಿ ಎಂದು ಬಿಗಿ ಮಾಡಲಾಗಿದೆ. ಸಾಲಿನ ಎತ್ತರ 28 ಡಿಪಿ, ಅಕ್ಷರ 16 ಎಸ್‌ಪಿ. ಸಾಮಾನ್ಯ ಮಟ್ಟದಲ್ಲಿ ಎಲ್ಲವೂ ಅಚ್ಚುಕಟ್ಟಾಗಿ ಕೂರುತ್ತದೆ.

`Font size` ಅನ್ನು 1.3 ಪಟ್ಟಿಗೆ ಏರಿಸೋಣ. ಅಕ್ಷರ ಸುಮಾರು 20.8 ಡಿಪಿ ಆಯಿತು. ಒತ್ತಕ್ಷರವಿರುವ ಕನ್ನಡದ ಒಂದು ಸಾಲಿಗೆ ಅಕ್ಷರದ ಅಳತೆಯ ಸುಮಾರು ಒಂದೂವರೆ ಪಟ್ಟು ಎತ್ತರ ಬೇಕೆಂದು ಹಿಡಿದರೆ 31 ಡಿಪಿ ಬೇಕು. ಸಾಲು ಇರುವುದು 28 ಮಾತ್ರ. ಬರಹ ಚೌಕದ ಮೇಲ್ಭಾಗಕ್ಕೆ ಹೊಂದಿಕೊಂಡಿದ್ದರೆ ಕೆಳಗಿನ ಅಂಚು ಕತ್ತರಿಸಿ ಹೋಗುತ್ತದೆ. ಕನ್ನಡದಲ್ಲಿ ಕೆಳಗಿನ ಅಂಚಿನಲ್ಲಿ ಇರುವುದು ಒತ್ತಕ್ಷರ. ಶಿರಸಿಗೆ ಒತ್ತಕ್ಷರವಿಲ್ಲ, ಹಾಗಾಗಿ ಅದಕ್ಕೆ ಹೆಚ್ಚು ಪೆಟ್ಟಾಗುವುದಿಲ್ಲ. ಸಿದ್ದಾಪುರ "ಸಿದಾಪುರ"ದಂತೆ, ಯಲ್ಲಾಪುರ "ಯಲಾಪುರ"ದಂತೆ ಕಾಣತೊಡಗುತ್ತದೆ. ರಾಶಿ, ಚಾಲಿ ಸರಿಯಾಗಿರುತ್ತವೆ, ಬೆಟ್ಟೆ ಕೆಡುತ್ತದೆ. ಇಂಗ್ಲಿಷಿನಲ್ಲಿ ಪರೀಕ್ಷಿಸಿ ಬಿಟ್ಟ ಆ್ಯಪ್‌ನಲ್ಲಿ ಈ ದೋಷ ಯಾರ ಕಣ್ಣಿಗೂ ಬೀಳದೆ ಉಳಿಯುವುದಕ್ಕೆ ಇದೂ ಒಂದು ಕಾರಣ. ಉರ್ದುವಿನ ನಸ್ತಾಲಿಕ್ ಬರಹದಲ್ಲಿ ಪದವು ಬಲದಿಂದ ಎಡಕ್ಕೆ ಹೋಗುತ್ತಾ ಓರೆಯಾಗಿ ಕೆಳಗಿಳಿಯುತ್ತದೆ. ಅದಕ್ಕೆ ಇನ್ನೂ ಹೆಚ್ಚು ಎತ್ತರ ಬೇಕು, ಕತ್ತರಿಯೂ ಬೇಗ ಬೀಳುತ್ತದೆ.

ಈಗ `Font size` ಅನ್ನು ಮೊದಲಿನ ಮಟ್ಟಕ್ಕೆ ತಂದು `Display size` ಏರಿಸೋಣ. ಸಾಂದ್ರತೆ 540 ಆಯಿತೆಂದುಕೊಳ್ಳಿ. 1080 × 160 ÷ 540, ಅಂದರೆ ಪರದೆಯ ಅಗಲ 320 ಡಿಪಿ. ಆಂಡ್ರಾಯ್ಡ್‌ನ ಮೂಲ ವ್ಯವಸ್ಥೆ ಈ ಅಗಲವನ್ನು 320ಕ್ಕಿಂತ ಕೆಳಗೆ ಇಳಿಯಲು ಬಿಡುವುದಿಲ್ಲ. ಈಗ ಅಕ್ಷರಕ್ಕೂ ಸಾಲಿಗೂ ಜಗಳವಿಲ್ಲ, ಎರಡೂ ಒಟ್ಟಿಗೆ ಬೆಳೆದಿವೆ. ಬೆಟ್ಟೆ ಬೆಟ್ಟೆಯಾಗಿಯೇ ಕಾಣುತ್ತದೆ. ಆದರೆ ನಾಲ್ಕು ಕಾಲಂಗಳಿಗೆ ಬೇಕಾದದ್ದು 360 ಡಿಪಿ. 40 ಡಿಪಿ ಬಲಗಡೆ ಪರದೆಯ ಹೊರಗೆ ಹೋಯಿತು. ಕೊನೆಯ ಕಾಲಂನಲ್ಲಿ ಉಳಿದದ್ದು 50 ಡಿಪಿ, ಅದು ಗರಿಷ್ಠ ದರದ ಕಾಲಂ.

ವಾಣಿಜ್ಯ ವಿದ್ಯಾರ್ಥಿಗಳಾದ ನಾವು ನೋಡಬೇಕಾದ ನಷ್ಟ ಇದು. ಕನಿಷ್ಠ 45,100, ಗರಿಷ್ಠ 48,299 ಎಂದು ಉದಾಹರಣೆಗೆ ಹಿಡಿಯೋಣ. ಅಂಕಿಗಳನ್ನು ಕಾಲಂನ ನಡುವೆ ಇಟ್ಟಿದ್ದರೆ ಕನಿಷ್ಠ ದರ ಪೂರ್ತಿ ಕಾಣುತ್ತದೆ, ಗರಿಷ್ಠ ದರ ಅರ್ಧಕ್ಕೆ ನಿಂತಿರುತ್ತದೆ. ಓದುವವರು ಪೂರ್ತಿ ಕಾಣುವ ಅಂಕಿಯನ್ನೇ ಆ ದಿನದ ದರ ಎಂದುಕೊಂಡು ವ್ಯಾಪಾರಿಯ ಜೊತೆ ಮಾತಿಗೆ ಕೂತರೆ, ಕ್ವಿಂಟಲ್‌ಗೆ 3,199 ರೂಪಾಯಿ ವ್ಯತ್ಯಾಸದ ಅರಿವೇ ಅವರಿಗಿರುವುದಿಲ್ಲ. ಐದು ಕ್ವಿಂಟಲ್‌ಗೆ ಅದು 15,995 ರೂಪಾಯಿ.

ಹಾಗಾಗಿ ಗುರುತು ಹಿಡಿಯುವ ಬಗೆ ಸುಲಭ. ಅಕ್ಷರದ ಬುಡ ಅಥವಾ ತಲೆ ಕತ್ತರಿಸಿದ್ದರೆ `Font size` ಅನ್ನು ಒಂದು ಮಟ್ಟ ಇಳಿಸಿ. ಅಕ್ಷರ ಸರಿಯಿದ್ದು ಬಲಗಡೆಯ ಕಾಲಂ ಅಥವಾ ಕೆಳಗಿನ ಬಟನ್ ಕಾಣೆಯಾಗಿದ್ದರೆ `Display size` ಇಳಿಸಿ. ಇಳಿಸಿದರೆ ಓದಲಾಗದು ಎನ್ನುವವರಿಗೆ ಇನ್ನೊಂದು ದಾರಿ ಇದೆ: ಫೋನನ್ನು ಅಡ್ಡ ಹಿಡಿಯುವುದು. ಉದ್ದ 2400 ಪಿಕ್ಸೆಲ್ ಇದ್ದರೆ ಸಾಂದ್ರತೆ 540ರಲ್ಲೂ 711 ಡಿಪಿ ಅಗಲ ಸಿಗುತ್ತದೆ, ನಾಲ್ಕೂ ಕಾಲಂ ಹಿಡಿಸುತ್ತವೆ. ಆ್ಯಪ್ ಅಡ್ಡ ತಿರುಗದಂತೆ ಬಂಧಿಸಿದ್ದರೆ ಮಾತ್ರ ಇದು ನಡೆಯದು.

ಕೆಲವೊಮ್ಮೆ `Font size` ಎಷ್ಟು ಏರಿಸಿದರೂ ಅಕ್ಷರ ಅಲುಗುವುದಿಲ್ಲ. ಅಲ್ಲಿ ಅಕ್ಷರಕ್ಕೂ ಡಿಪಿಯಲ್ಲೇ ಅಳತೆ ಕೊಟ್ಟಿರಬಹುದು. ಆಗ ಉಪಯೋಗಕ್ಕೆ ಬರುವುದು `Display size` ಮಾತ್ರ. ಎರಡಕ್ಕೂ ಅಲುಗದಿದ್ದರೆ ಅಳತೆ ನೇರ ಪಿಕ್ಸೆಲ್‌ನಲ್ಲಿದೆ, ಇಲ್ಲವೇ ನೀವು ನೋಡುತ್ತಿರುವುದು ಬರಹವೇ ಅಲ್ಲ, ಚಿತ್ರ. ವಾಟ್ಸಾಪ್ ಗುಂಪಿಗೆ ಬರುವ ದರಪಟ್ಟಿಯ ಫೋಟೊ ಇಂಥದ್ದು. ಅದನ್ನು ತೆರೆದು ಎರಡು ಬೆರಳಿನಿಂದ ಹಿಗ್ಗಿಸುವುದೇ ಉಪಾಯ.

ಮುಂದೆ ನಮ್ಮಲ್ಲಿ ಯಾರಾದರೂ ಇಂಥ ಆ್ಯಪ್ ಬರೆದರೆ, ಸಾಲಿನ ಎತ್ತರವನ್ನು ಬಿಗಿ ಮಾಡುವ ಬದಲು ಹೀಗೆ ಬರೆಯಬಹುದು:

```
android:layout_height="wrap_content"
android:minHeight="28dp"
```

ಇದರ ಅರ್ಥ, 28 ಡಿಪಿಗಿಂತ ಕಡಿಮೆಯಾಗಬಾರದು, ಆದರೆ ಅಕ್ಷರ ಬೆಳೆದರೆ ಸಾಲೂ ಬೆಳೆಯಲಿ ಎಂದು. ಕಾಲಂಗಳಿಗೂ 90 ಡಿಪಿ ಎಂದು ಕೊಡದೆ ಇರುವ ಅಗಲವನ್ನು ಪಾಲು ಮಾಡಿಕೊಟ್ಟರೆ 320ರ ಪರದೆಯಲ್ಲಿ ತಲಾ 80 ಡಿಪಿ ಸಿಗುತ್ತದೆ. 16 ಎಸ್‌ಪಿಯ ಐದಂಕಿ ದರ ಅದರಲ್ಲಿ ಆರಾಮವಾಗಿ ಹಿಡಿಸುತ್ತದೆ. ಬಿಡುಗಡೆಗೆ ಮುನ್ನ ಎರಡೂ ಸೆಟ್ಟಿಂಗ್‌ಗಳನ್ನು ಒಂದೊಂದಾಗಿ ತುದಿಯವರೆಗೆ ಎಳೆದು, "ಯಲ್ಲಾಪುರ, ಬೆಟ್ಟೆ" ಎಂಬ ಸಾಲು ಕೊನೆಯ ಅಂಕಿಯವರೆಗೆ ಕಾಣುತ್ತದೆಯೇ ಎಂದು ನೋಡಿದರೆ ಸಾಕು.