ಓಪಿಟಿಗೆ ದಿನ ಎಣಿಸುವುದು ಘಟಿಕೋತ್ಸವದಿಂದಲ್ಲ

ಅಮೆರಿಕದಲ್ಲಿ ಎಂ.ಎಸ್. ಮುಗಿಸಿದವರಿಗೆ ಅಲ್ಲೇ ತಮ್ಮ ವಿಷಯಕ್ಕೆ ಸಂಬಂಧಿಸಿದ ಕೆಲಸ ಮಾಡಲು 12 ತಿಂಗಳ ಅನುಮತಿ ಸಿಗುತ್ತದೆ. ಎಲ್ಲರ ಬಾಯಲ್ಲೂ ಅದು ಓಪಿಟಿ. 2023-24ರಲ್ಲಿ ಅಲ್ಲಿದ್ದ ಸುಮಾರು 3.31 ಲಕ್ಷ ಭಾರತೀಯ ವಿದ್ಯಾರ್ಥಿಗಳಲ್ಲಿ 97 ಸಾವಿರಕ್ಕೂ ಹೆಚ್ಚು ಮಂದಿ ಈ ಓಪಿಟಿಯಲ್ಲೇ ಇದ್ದರು. ಹೈದರಾಬಾದಿನ ಕನ್ನಡ ಮನೆಗಳಿಗಾಗಲಿ, ವೀಸಾ ಸಂದರ್ಶನಕ್ಕೆಂದು ಬೀದರ್, ಕಲಬುರಗಿಯಿಂದ ನಾನಕ್‌ರಾಮ್‌ಗುಡದ ಕಾನ್ಸುಲೇಟ್‌ಗೆ ಬರುವವರಿಗಾಗಲಿ ವೀಸಾ ಕೈಗೆ ಬರುವವರೆಗಿನ ಪ್ರತಿ ಹೆಜ್ಜೆಯೂ ಬಾಯಿಪಾಠ. ಓದು ಮುಗಿಯುವ ಹೊತ್ತಿಗೆ ಏನು ಮಾಡಬೇಕೆಂಬುದು ಮಾತ್ರ ಹಲವರಿಗೆ ಅಸ್ಪಷ್ಟ. ಘಟಿಕೋತ್ಸವ ಆಗಲಿ, ಸರ್ಟಿಫಿಕೇಟ್ ಬರಲಿ, ಕೆಲಸದ ಆಫರ್ ಸಿಗಲಿ ಎಂದು ಕಾಯುತ್ತಾರೆ. ಈ ಮೂರಕ್ಕೂ ಓಪಿಟಿ ಅರ್ಜಿಗೂ ಸಂಬಂಧವೇ ಇಲ್ಲ. ಅರ್ಜಿಯ ಅಳಿವು ಉಳಿವು ನಿಂತಿರುವುದು ವಿಶ್ವವಿದ್ಯಾಲಯ ಬರೆದುಕೊಡುವ ಎರಡು ತಾರೀಕುಗಳ ಮೇಲೆ.

ಮೊದಲನೆಯದು ಐ-20ರ ಮೊದಲ ಪುಟದಲ್ಲಿರುವ ‘ಪ್ರೋಗ್ರಾಂ ಎಂಡ್ ಡೇಟ್’. ಈ ದಿನಕ್ಕೆ 90 ದಿನ ಮೊದಲಿನಿಂದ 60 ದಿನ ನಂತರದವರೆಗೆ ಅರ್ಜಿ ಸಲ್ಲಿಸಬಹುದು. ಎರಡನೆಯದು ವಿಶ್ವವಿದ್ಯಾಲಯದ ಡಿಎಸ್‌ಓ, ಅಂದರೆ ವಿದೇಶಿ ವಿದ್ಯಾರ್ಥಿಗಳ ಹೊಣೆ ಹೊತ್ತ ಅಧಿಕಾರಿ, ಸರ್ಕಾರದ ಸೆವಿಸ್ ದಾಖಲೆಯಲ್ಲಿ ‘ಈ ವಿದ್ಯಾರ್ಥಿಗೆ ಓಪಿಟಿ ಕೊಡಬಹುದು’ ಎಂದು ಶಿಫಾರಸು ನಮೂದಿಸಿದ ದಿನ. ಆ ದಿನದಿಂದ 30 ದಿನದೊಳಗೆ ಅರ್ಜಿ ಸರ್ಕಾರವನ್ನು ಮುಟ್ಟಿರಬೇಕು. ಶಿಫಾರಸಿಗೆ ಮುಂಚೆಯೇ ಅರ್ಜಿ ಹಾಕಿದರೂ ತಿರಸ್ಕಾರ, 30 ದಿನ ದಾಟಿ ಹಾಕಿದರೂ ತಿರಸ್ಕಾರ. ಶಿಫಾರಸು ಸಿಕ್ಕಿತಲ್ಲ, ಇನ್ನು ನಿಧಾನವಾಗಿ ಹಾಕಿದರಾಯಿತು ಎಂದುಕೊಂಡವರು ಎಡವುವುದು ಇಲ್ಲೇ.

ಒಂದು ಲೆಕ್ಕ ಹಾಕಿ ನೋಡೋಣ. ಐ-20ರಲ್ಲಿ ಓದು ಮುಗಿಯುವ ದಿನ ಮೇ 15 ಎಂದಿದೆ ಎನ್ನಿ. ಫೆಬ್ರವರಿ 28 ದಿನದ ವರ್ಷವಾದರೆ, ಅರ್ಜಿಯ ಬಾಗಿಲು ತೆರೆಯುವುದು ಫೆಬ್ರವರಿ 14ಕ್ಕೆ, ಮುಚ್ಚುವುದು ಜುಲೈ 14ಕ್ಕೆ. ವಿದ್ಯಾರ್ಥಿ ಜನವರಿ ಕೊನೆಯಲ್ಲೇ ಡಿಎಸ್‌ಓ ಕಚೇರಿಗೆ ಕೋರಿಕೆ ಕೊಡುತ್ತಾನೆ. ಈ ಸೆಮಿಸ್ಟರ್‌ಗೆ ಇವನ ಓದು ಮುಗಿಯುತ್ತದೆ ಎಂದು ವಿಭಾಗದ ಸಲಹೆಗಾರರು ದೃಢಪಡಿಸಬೇಕು. ಎಲ್ಲ ಪೇಪರ್‌ಗಳೂ ಮುಗಿದು ಪ್ರಬಂಧ ಮಾತ್ರ ಬಾಕಿ ಇದ್ದರೂ ಅಡ್ಡಿಯಿಲ್ಲ. ಡಿಎಸ್‌ಓ ಫೆಬ್ರವರಿ 20ರಂದು ಸೆವಿಸ್‌ನಲ್ಲಿ ಶಿಫಾರಸು ಮಾಡಿ ಹೊಸ ಐ-20 ಕೊಡುತ್ತಾರೆ. ಇನ್ನು ಜುಲೈ 14ರ ಮಾತು ಮರೆತುಬಿಡಬೇಕು, ಅವನ ಪಾಲಿಗೆ ಕೊನೆಯ ದಿನ ಮಾರ್ಚ್ 22. ಅದೇ ಶಿಫಾರಸು ಜುಲೈ 10ಕ್ಕೆ ಬಂದಿದ್ದರೆ 30 ದಿನ ಸಿಗುತ್ತಿರಲಿಲ್ಲ, ನಾಲ್ಕೇ ದಿನ. ಎರಡು ಗಡುವಿನಲ್ಲಿ ಯಾವುದು ಮೊದಲು ಬರುತ್ತದೋ ಅದೇ ಗಡುವು.

ಹೊಸ ಐ-20 ಕೈಗೆ ಬಂದ ಕೂಡಲೇ ಎರಡನೇ ಪುಟ ತಿರುಗಿಸಿ, ಓಪಿಟಿ ಕೋರಿಕೆಯ ಸಾಲು ಅಲ್ಲಿ ಅಚ್ಚಾಗಿದೆಯೇ ನೋಡಬೇಕು. ಮೊದಲ ಪುಟದಲ್ಲಿ ಡಿಎಸ್‌ಓ ಸಹಿಯ ಜತೆ ವಿದ್ಯಾರ್ಥಿಯ ಸಹಿಯೂ ಇರಬೇಕು. ಸಹಿಯಿಲ್ಲದ ಐ-20ಯನ್ನೋ, ಓಪಿಟಿ ಸಾಲಿಲ್ಲದ ಹಳೆಯ ಐ-20ಯನ್ನೋ ಅಪ್‌ಲೋಡ್ ಮಾಡುವುದು ಸಾಮಾನ್ಯ ತಪ್ಪು. ಆಮೇಲೆ ಸರ್ಕಾರದ ಜಾಲತಾಣದಲ್ಲಿ ಐ-765 ಫಾರಂ ತುಂಬಿ ಶುಲ್ಕ ಕಟ್ಟಿ, ಫೋಟೊ, ಪಾಸ್‌ಪೋರ್ಟ್, ಐ-94 ಸೇರಿಸಬೇಕು. ಅಲ್ಲಿ ಕೇಳುವ ಅರ್ಹತಾ ಸಂಕೇತ (c)(3)(B). ಅದರ ನೆರೆಯಲ್ಲೇ ಇರುವ (c)(3)(A) ಓದು ಮುಗಿಯುವ ಮುಂಚಿನ ಓಪಿಟಿಯದು, (c)(3)(C) ವಿಜ್ಞಾನ, ತಂತ್ರಜ್ಞಾನ ಪದವೀಧರರಿಗೆ ಮುಂದೆ ಸಿಗುವ 24 ತಿಂಗಳ ವಿಸ್ತರಣೆಯದು. ಒಂದು ಅಕ್ಷರ ತಪ್ಪಿದರೆ ಅರ್ಜಿಯ ಅರ್ಥವೇ ಬದಲಾಗುತ್ತದೆ.

ಇಷ್ಟು ಬೇಗ ಯಾಕೆ, ಓಪಿಟಿಯಲ್ಲಿ ಕೆಲಸವಿಲ್ಲದೆ ಒಟ್ಟು 90 ದಿನ ಮಾತ್ರ ಇರಬಹುದಲ್ಲ, ಆಫರ್ ಸಿಕ್ಕ ಮೇಲೆ ಹಾಕಿದರೆ ಆ ದಿನಗಳು ಉಳಿಯುವುದಿಲ್ಲವೇ ಎಂದು ಹಲವರು ಕೇಳುತ್ತಾರೆ. ಕೇಳಲು ಸರಿ ಎನಿಸುವ ವಾದ. ಆದರೆ ಇದರಲ್ಲಿ ಅರ್ಜಿ ಹಾಕುವ ದಿನವನ್ನೂ ಓಪಿಟಿ ಆರಂಭವಾಗುವ ದಿನವನ್ನೂ ಒಂದೇ ಎಂದುಕೊಂಡ ತಪ್ಪಿದೆ. ಫೆಬ್ರವರಿಯಲ್ಲೇ ಅರ್ಜಿ ಹಾಕಿ, ಆರಂಭದ ದಿನವನ್ನು ಜುಲೈ 14 ಎಂದು ಕೇಳಬಹುದು. ಕೆಲಸವಿಲ್ಲದ ದಿನಗಳ ಎಣಿಕೆ ಶುರುವಾಗುವುದು ಆರಂಭದ ದಿನದಿಂದ. ಹಾಗಾಗಿ ಬೇಗ ಹಾಕಿದವನು ಒಂದು ದಿನವನ್ನೂ ಕಳೆದುಕೊಳ್ಳುವುದಿಲ್ಲ. ತಡಮಾಡಿದವನಿಗೆ ಮಾತ್ರ ನಷ್ಟ. ಇಎಡಿ ಕಾರ್ಡ್ ಬರಲು ತಿಂಗಳುಗಳೇ ಹಿಡಿಯಬಹುದು, ಅದು ಬರುವವರೆಗೆ ಒಂದು ದಿನವೂ ದುಡಿಯುವಂತಿಲ್ಲ. ಓದು ಮುಗಿದ 14 ತಿಂಗಳೊಳಗೆ ಓಪಿಟಿ ಮುಗಿಯಲೇಬೇಕು ಎಂಬ ನಿಯಮ ಬೇರೆ ಇದೆ. ಕಾಯುತ್ತ ಕಳೆದ ದಿನಗಳನ್ನು ಕೊನೆಗೆ ಯಾರೂ ಸೇರಿಸಿಕೊಡುವುದಿಲ್ಲ. ಓದು ಮುಗಿದ ನಂತರದ 60 ದಿನಗಳ ಕಾಲಾವಕಾಶವನ್ನೇ 30ಕ್ಕೆ ಇಳಿಸುವ ಪ್ರಸ್ತಾವವನ್ನು 2025ರ ಆಗಸ್ಟ್‌ನಲ್ಲಿ ಅಮೆರಿಕ ಸರ್ಕಾರ ಮುಂದಿಟ್ಟಿತು. ಕೊನೆಯ ದಿನಗಳನ್ನು ನೆಚ್ಚಿಕೊಳ್ಳದಿರಲು ಇದೂ ಒಂದು ಕಾರಣ.

ಬೇಗ ಹಾಕುವುದರಲ್ಲಿ ಒಂದು ಅಪಾಯ ಇರುವುದು ನಿಜ. ಫೆಬ್ರವರಿಯಲ್ಲಿ ಅರ್ಜಿ ಹಾಕಿ ಮೇ ತಿಂಗಳಲ್ಲಿ ಒಂದು ಪೇಪರ್ ಫೇಲಾದರೆ ವಿಶ್ವವಿದ್ಯಾಲಯ ಹೇಳಿದ ಮಾತೇ ಸುಳ್ಳಾಗುತ್ತದೆ. ಫೇಲಾಗಬಹುದು ಎನಿಸಿದ ಕೂಡಲೇ, ಐ-20ರ ದಿನ ಮುಗಿಯುವ ಮುಂಚೆ, ಡಿಎಸ್‌ಓ ಬಳಿ ಹೋಗಿ ಓದಿನ ಅವಧಿ ವಿಸ್ತರಿಸಲು ಕೋರಿ, ಓಪಿಟಿ ಅರ್ಜಿಯನ್ನು ಏನು ಮಾಡಬೇಕೆಂದು ಕೇಳಬೇಕು. ಮುಚ್ಚಿಟ್ಟು ಕೂತರೆ ಸರಿಪಡಿಸುವ ದಾರಿ ಕಿರಿದಾಗುತ್ತ ಹೋಗುತ್ತದೆ.

ಇದನ್ನೆಲ್ಲ ನಮ್ಮ ಕನ್ಸಲ್ಟೆನ್ಸಿಯವರೇ ನೋಡಿಕೊಳ್ಳುತ್ತಾರೆ ಎಂಬ ನಂಬಿಕೆ ಅಮೀರ್‌ಪೇಟೆಯ ಸುತ್ತಮುತ್ತ ಬಲವಾಗಿದೆ. ಸೆವಿಸ್‌ನಲ್ಲಿ ಶಿಫಾರಸು ಮಾಡುವ ಅಧಿಕಾರ ವಿಶ್ವವಿದ್ಯಾಲಯದ ಡಿಎಸ್‌ಓಗೆ ಬಿಟ್ಟು ಇನ್ನಾರಿಗೂ ಇಲ್ಲ, ಹೈದರಾಬಾದಿನ ಕಾನ್ಸುಲೇಟ್‌ಗೂ ಇಲ್ಲ. ಅದಕ್ಕೇ ಆ ವಿಶ್ವವಿದ್ಯಾಲಯ ಎಂಥದ್ದು ಎಂಬುದೂ ಮುಖ್ಯ. 2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಟ್ರೈ-ವ್ಯಾಲಿ ಎಂಬ ನಕಲಿ ವಿಶ್ವವಿದ್ಯಾಲಯದ ಮೇಲೆ ದಾಳಿ ನಡೆದಾಗ ಅಲ್ಲಿ ಸಿಕ್ಕಿಕೊಂಡ ನೂರಾರು ವಿದ್ಯಾರ್ಥಿಗಳಲ್ಲಿ ಬಹುಪಾಲು ಆಗಿನ ಆಂಧ್ರಪ್ರದೇಶದವರು. ಕೆಲವರ ಕಾಲಿಗೆ ಜಾಡು ಹಿಡಿಯುವ ಜಿಪಿಎಸ್ ಪಟ್ಟಿ ಕಟ್ಟಿದ್ದರು. ಸಂಸ್ಥೆಯೇ ಸುಳ್ಳಾದಾಗ ಅದು ಕೊಟ್ಟ ಐ-20 ಯಾರನ್ನೂ ಕಾಪಾಡಲಿಲ್ಲ.

ಮನೆಯವರಿಗೂ ಒಂದು ಮಾತು. ಓದು ಮುಗಿಯಿತು, ಮದುವೆ ಮನೆ, ಹಬ್ಬ ಮುಗಿಸಿಕೊಂಡು ಹೋಗಲಿ ಎಂದು ಮಗನನ್ನೋ ಮಗಳನ್ನೋ ಕರೆಸಿಕೊಳ್ಳುವ ಮುನ್ನ ಓಪಿಟಿ ಅರ್ಜಿ ಹಾಕಿ ಆಯಿತೇ ಎಂದು ಕೇಳಿ. ಅರ್ಜಿಯನ್ನು ಅಮೆರಿಕದ ನೆಲದಲ್ಲಿದ್ದುಕೊಂಡೇ ಹಾಕಬೇಕು. ಓದು ಮುಗಿದ ಮೇಲೆ ಅರ್ಜಿ ಹಾಕದೆ ವಿಮಾನ ಹತ್ತಿದರೆ ಉಳಿದ 60 ದಿನಗಳ ಅವಕಾಶ ಅಲ್ಲಿಗೇ ಮುಗಿಯುತ್ತದೆ, ಶಂಷಾಬಾದ್‌ನಲ್ಲಿ ಇಳಿದ ಮೇಲೆ ಅದನ್ನು ಮರಳಿ ಪಡೆಯಲು ಬರುವುದಿಲ್ಲ. ಈ ಸೆಮಿಸ್ಟರ್‌ಗೆ ಓದು ಮುಗಿಸುವವರು ಐ-20 ತೆಗೆದು, ಮೊದಲ ಪುಟದ ತಾರೀಕಿನಿಂದ 90 ದಿನ ಹಿಂದಕ್ಕೆ ಎಣಿಸಿ, ಅದಕ್ಕೂ ಎರಡು ವಾರ ಮೊದಲೇ ಡಿಎಸ್‌ಓಗೆ ಇಮೇಲ್ ಬರೆಯಿರಿ.