ಲಿಂಗಪೂಜೆಯ ಆಸನ: ಛಾಯಾಚಿತ್ರದಲ್ಲಿ ಕಾಣುವ ಮೊಣಕಾಲು, ಬೆನ್ನು, ಭುಜ

ಇಷ್ಟಲಿಂಗ ಪೂಜೆಗೆ ಸುಖಾಸನದಲ್ಲಿ ಕುಳಿತ ಸದ್ಭಕ್ತರಲ್ಲಿ ಅನೇಕರಿಗೆ ಸ್ವಲ್ಪ ಹೊತ್ತಿನಲ್ಲೇ ಬೆನ್ನು ಬಾಗಿ, ಕತ್ತು ನೋಯತೊಡಗುತ್ತದೆ. ಕುಳಿತವರಿಗೆ ತಾವು ನೆಟ್ಟಗಿದ್ದೇವೆಂದೇ ಭಾಸವಾಗುತ್ತಿರುತ್ತದೆ. ಇಂತಹ ದೋಷವನ್ನು ಗುರುತಿಸಲು ಒಂದು ಛಾಯಾಚಿತ್ರ ಸಾಕು. ಆದರೆ ಅದನ್ನು ತೆಗೆಯುವ ಮತ್ತು ಓದುವ ಕ್ರಮವನ್ನು ನಾವು ಅರಿತಿರಬೇಕು.

ಚಿತ್ರವನ್ನು ಪೂಜೆಯ ವೇಳೆಯಲ್ಲಿ ತೆಗೆಯುವುದು ಬೇಡ. ಬೇರೆ ಹೊತ್ತಿನಲ್ಲಿ, ಪೂಜೆಯಲ್ಲಿ ಹಿಡಿಯುವಂತೆಯೇ ಎಡಗೈಯನ್ನು ಬರಿದಾಗಿ ಹಿಡಿದು ಕುಳಿತರಾಯಿತು. ಮೊಬೈಲನ್ನು ಸುಮಾರು 2 ಮೀಟರ್ ದೂರದಲ್ಲಿ, ಕುಳಿತವರ ಎದೆಯ ಎತ್ತರದ ಸ್ಟೂಲಿನ ಮೇಲೆ ಓರೆಯಾಗದಂತೆ ಇರಿಸಬೇಕು. ನಿಂತವರು ಮೇಲಿನಿಂದ ತೆಗೆದ ಚಿತ್ರದಲ್ಲಿ ಮೊಣಕಾಲಿನ ನಿಜವಾದ ಎತ್ತರ ತಿಳಿಯುವುದಿಲ್ಲ. ಹಿನ್ನೆಲೆಯಲ್ಲಿ ಬಾಗಿಲಿನ ಚೌಕಟ್ಟು ಇದ್ದರೆ ಅದೇ ನಮಗೆ ತೂಕದ ಗುಂಡಿನ ದಾರವಾಗುತ್ತದೆ. ಪಕ್ಕದಿಂದ ಒಂದು, ಎದುರಿನಿಂದ ಒಂದು ಚಿತ್ರ ಬೇಕು. ಕುಳಿತ ಕೂಡಲೇ ಎಲ್ಲರೂ ಸೆಟೆದು ಕೂರುವುದರಿಂದ, 5 ನಿಮಿಷ ಕಳೆದ ಮೇಲೆ ತೆಗೆದ ಚಿತ್ರವೇ ನಿಜವನ್ನು ಹೇಳುತ್ತದೆ.

ಚಿತ್ರವನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಮಧ್ಯವಯಸ್ಸಿನ ಒಬ್ಬ ಶರಣೆಯ ಚಿತ್ರವನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ. ಪಕ್ಕದ ನೋಟದಲ್ಲಿ ಅವರ ಮೊಣಕಾಲು, ತೊಡೆ ಮಡಚುವ ಜಾಗಕ್ಕಿಂತ ನಾಲ್ಕು ಬೆರಳು ಮೇಲಿದೆ. ಕಟಿಭಾಗ ಹಿಂದಕ್ಕೆ ಉರುಳಿದೆ. ಕೆಳಬೆನ್ನು ಬಿಲ್ಲಿನಂತೆ ಹೊರಬಾಗಿದೆ. ಚೌಕಟ್ಟಿಗೆ ಸಮಾನಾಂತರವಾಗಿ ಒಂದು ಕಾಗದದ ಅಂಚನ್ನು ಪರದೆಯ ಮೇಲೆ ಇಟ್ಟು ನೋಡಿದರೆ, ಕಿವಿ ಭುಜಕ್ಕಿಂತ ಮೂರು ಬೆರಳು ಮುಂದಿದೆ. ಎದುರಿನ ನೋಟದಲ್ಲಿ ಎಡಭುಜ ಕಿವಿಯತ್ತ ಏರಿದೆ.

ಇಲ್ಲಿ ದೋಷಗಳು ಐದಾದರೂ ಮೂಲ ಒಂದೇ. ಸೊಂಟದ ಕೀಲು ಹೊರಕ್ಕೆ ಸಾಕಷ್ಟು ತಿರುಗದಿದ್ದಾಗ ಮೊಣಕಾಲು ಮೇಲೆಯೇ ನಿಲ್ಲುತ್ತದೆ. ಮೊಣಕಾಲು ಮೇಲಿದ್ದಾಗ ಕಟಿಭಾಗ ಹಿಂದಕ್ಕೆ ಉರುಳುತ್ತದೆ. ಆಗ ಬೆನ್ನು ಬಾಗುತ್ತದೆ, ತಲೆ ಮುಂದಕ್ಕೆ ಚಾಚುತ್ತದೆ, ಕೈ ಎತ್ತಿದಾಗ ಭುಜವೂ ಸೇರಿ ಏರುತ್ತದೆ. ಈ ಶರಣೆಗೆ "ಬೆನ್ನು ನೆಟ್ಟಗಿಡಿ" ಎಂದಷ್ಟೇ ಹೇಳಿದರೆ ಅವರು ಎದೆಯನ್ನು ಮುಂದಕ್ಕೆ ನೂಕುತ್ತಾರೆ. ಎರಡು ನಿಮಿಷದಲ್ಲಿ ಸೋತು ಮತ್ತೆ ಬಾಗುತ್ತಾರೆ. ಮೊಣಕಾಲನ್ನು ಕೈಯಿಂದ ಕೆಳಕ್ಕೆ ಒತ್ತುವುದಂತೂ ಸಲ್ಲದು. ಮೊಣಕಾಲು ಮುಖ್ಯವಾಗಿ ಬಾಗಿಲಿನ ತಿರುಗಣೆಯಂತೆ ಮಡಚುವ ಕೀಲು. ಸೊಂಟ ಕೊಡದ ತಿರುವನ್ನು ಅದರಿಂದ ಬಲವಂತವಾಗಿ ಪಡೆದರೆ ಒಳಗಿನ ಮೆದುಮೂಳೆಯ ಬಿಲ್ಲೆಗೆ ಪೆಟ್ಟಾಗುತ್ತದೆ.

ತಿದ್ದುವುದು ಆಸನದ ಬುಡದಿಂದ. ಕಂಬಳಿಯನ್ನು ಗಟ್ಟಿಯಾಗಿ ಮಡಚಿ, ತೊಡೆಯ ಕೆಳಗೆ ಬಾರದಂತೆ ಪೃಷ್ಠದ ಕೆಳಗೆ ಮಾತ್ರ ಇಟ್ಟು, ಅದರ ಮುಂದಿನ ಅಂಚಿನಲ್ಲಿ ಕೂರಬೇಕು. ಮೊದಲು ನಾಲ್ಕು ಬೆರಳು ಎತ್ತರವಿರಲಿ. ಮತ್ತೆ ಚಿತ್ರ ತೆಗೆದಾಗ ಮೊಣಕಾಲು ಇನ್ನೂ ಮೇಲಿದ್ದರೆ ಒಂದೊಂದೇ ಮಡಿಕೆ ಏರಿಸುತ್ತ, ಅದು ತೊಡೆ ಮಡಚುವ ಜಾಗದ ಮಟ್ಟಕ್ಕೆ ಅಥವಾ ಅದಕ್ಕಿಂತ ಕೆಳಗೆ ಬರುವವರೆಗೆ ನೋಡಬೇಕು. ಮೊಣಕಾಲಿನ ಕೆಳಗೆ ಸಂದು ಉಳಿದರೆ ಮಡಚಿದ ಟವೆಲ್ಲನ್ನು ಆಸರೆಯಾಗಿ ಕೊಡಬೇಕು. ತೂಗಾಡುವ ತೊಡೆ ಬಿಗಿಯಾಗಿಯೇ ಇರುತ್ತದೆ. ಬುಡ ಸರಿಯಾದಾಗ ಬೆನ್ನು ಶ್ರಮವಿಲ್ಲದೆ ಏಳುತ್ತದೆ, ಕಿವಿ ಭುಜದ ನೇರಕ್ಕೆ ಬಹುಮಟ್ಟಿಗೆ ತಾನಾಗಿಯೇ ಮರಳುತ್ತದೆ.

ಭುಜವನ್ನು ಕೊನೆಯಲ್ಲಿ ನೋಡಬೇಕು. ಎಡ ಮೊಣಕೈ ದೇಹದಿಂದ ದೂರ ಸರಿದಷ್ಟೂ ಭುಜ ಏರುತ್ತದೆ. ಮೊಣಕೈಯನ್ನು ಪಕ್ಕೆಲುಬಿನ ಹತ್ತಿರ ತಂದು, ಅಂಗೈಯನ್ನು ಎದೆಯ ಮಟ್ಟದಲ್ಲಿ ಹಿಡಿದು, ಕತ್ತು ಬಾಗಿಸದೆ ದೃಷ್ಟಿಯನ್ನಷ್ಟೇ ಇಳಿಸಬೇಕು. ಕೈ ಸೋತರೆ ಬಲಗೈಯನ್ನು ಎಡ ಮೊಣಕೈಗೆ ಆಸರೆಯಾಗಿ ಕೊಡಬಹುದು. ಎದುರಿನ ಚಿತ್ರವನ್ನು ಸೆಲ್ಫಿ ಕ್ಯಾಮೆರಾದಲ್ಲಿ ತೆಗೆದಿದ್ದರೆ ಎಡಬಲ ಅದಲುಬದಲಾಗಿರಬಹುದು ಎಂಬುದು ನೆನಪಿರಲಿ.

ಛಾಯಾಚಿತ್ರಕ್ಕೂ ಮಿತಿಯಿದೆ. ಸೀರೆಯ ನೆರಿಗೆ, ಸಡಿಲವಾದ ಪಂಚೆ ಸೊಂಟವನ್ನು ಮರೆಮಾಡುತ್ತವೆ. ಉಸಿರು ಬಿಗಿಹಿಡಿದಿದೆಯೇ, ನೋವಿದೆಯೇ ಎಂಬುದು ಚಿತ್ರದಲ್ಲಿ ಕಾಣದು. ಚಿತ್ರ ಸರಿಯಿದ್ದರೂ ಮೊಣಕಾಲಿನ ಒಳಗೆ ಚುಚ್ಚಿದಂತಾದರೆ ಅಥವಾ ಪಾದ ಮರಗಟ್ಟಿದರೆ ಕಾಲು ಬಿಡಿಸಬೇಕು; ಅದು ಮರುಕಳಿಸುತ್ತಿದ್ದರೆ ವೈದ್ಯರಿಗೆ ತೋರಿಸಬೇಕು. ಮೊಣಕಾಲಿನ ಅಥವಾ ಸೊಂಟದ ಕೀಲು ಬದಲಾವಣೆಯ ಶಸ್ತ್ರಚಿಕಿತ್ಸೆ ಆದವರು ವೈದ್ಯರ ಅನುಮತಿಯಿಲ್ಲದೆ ನೆಲದ ಮೇಲೆ ಕೂರದೆ, ಪಾದಗಳು ನೆಲಕ್ಕೆ ತಾಗುವ ಕುರ್ಚಿಯಲ್ಲಿ ಪೂಜೆ ಮಾಡಲಿ. ಅಲ್ಲಿಯೂ ಇದೇ ಕ್ರಮದಲ್ಲಿ ಮೊದಲು ಮೊಣಕಾಲಿನ ಮಟ್ಟ, ಆಮೇಲೆ ಬೆನ್ನು, ಕೊನೆಗೆ ಭುಜವನ್ನು ನೋಡಿಕೊಳ್ಳಬಹುದು.