ಹದಿನಾಲ್ಕನೇ ತಾರೀಖಿನ ಭಯ

*ಚಾಮರಾಜಪೇಟೆಯ ತೆರಿಗೆ ಸಲಹೆಗಾರರ ಕಚೇರಿಯೊಂದರಲ್ಲಿ ಕೆಲಸ ಮಾಡುತ್ತೇನೆ. ನಮ್ಮ 46 ಕ್ಲೈಂಟ್‌ಗಳ ಜಿಎಸ್‌ಟಿಆರ್-2ಬಿ ವರದಿಯನ್ನು ತಿಂಗಳಿಗೊಮ್ಮೆ ಪೋರ್ಟಲ್‌ನಿಂದ ಇಳಿಸಿಕೊಳ್ಳಲು ಪೈಥಾನ್‌ನಲ್ಲಿ ಸ್ಕ್ರಿಪ್ಟ್ ಬರೆದಿದ್ದೇನೆ. 2025ರ ನವೆಂಬರ್ ಕೊನೆಗೆ ಕೆಲಸ ಬಿಡುತ್ತಿದ್ದೇನೆ. ಇನ್ನು ಮುಂದೆ ಅದನ್ನು ನೋಡಿಕೊಳ್ಳುವ ಹಿರಿಯರು ಲೆಕ್ಕದಲ್ಲಿ ಪಳಗಿದವರು, ಕಪ್ಪು ಪರದೆ ಕಂಡರೆ ಹಿಂಜರಿಯುತ್ತಾರೆ. ಹನ್ನೆರಡು ಪುಟ ಬರೆದುಕೊಟ್ಟೆ. ‘ಅರ್ಥವಾಗಲಿಲ್ಲಮ್ಮ’ ಅಂದರು. ನಾನು ಹೋದಮೇಲೆ ಎಡವಟ್ಟಾದರೆ? ನಿದ್ದೆ ಬರುತ್ತಿಲ್ಲ.*
*– ಹೆಸರು ಬೇಡ*

ಕೈಯಾರೆ ಕಟ್ಟಿದ್ದನ್ನು ಬಿಟ್ಟು ಹೋಗುವಾಗ ಹೊಟ್ಟೆಯಲ್ಲಿ ಸಂಕಟವಾಗುವುದು ಸಹಜ. ಹನ್ನೆರಡು ಪುಟ ಬರೆದದ್ದು ನಿಮ್ಮ ಕಾಳಜಿಗೆ ಸಾಕ್ಷಿ. ಆದರೆ ಆ ಪುಟಗಳಲ್ಲಿ ನೀವು ಸ್ಕ್ರಿಪ್ಟ್ ಹೇಗೆ ಓಡುತ್ತದೆ ಎಂದು ವಿವರಿಸಿರಬೇಕು. ಆ ಹಿರಿಯರಿಗೆ ಬೇಕಿರುವುದು ಬೇರೆ: ಈ ತಿಂಗಳ ಕೆಲಸ ಸರಿಯಾಯಿತೋ ಇಲ್ಲವೋ ಎಂದು ತಿಳಿಯುವುದು ಹೇಗೆ? ಅಷ್ಟಕ್ಕೆ ಎರಡು ಪುಟ ಸಾಕು.

ಮೊದಲ ಸಾಲಿನಲ್ಲಿ ದಿನ ಬರೆಯಿರಿ. ಹಿಂದಿನ ತಿಂಗಳ 2ಬಿ ಪೋರ್ಟಲ್‌ನಲ್ಲಿ 14ಕ್ಕೆ ತಯಾರಾಗುತ್ತದೆ, ತಿಂಗಳಿಗೊಮ್ಮೆ 3ಬಿ ಸಲ್ಲಿಸುವವರಿಗೆ 20 ಕೊನೆ. 14ಕ್ಕೆ ಮೊದಲೇ ಓಡಿಸಿದರೆ 2ಬಿ ಸಿಗುವುದಿಲ್ಲ, ಅದು ಸ್ಕ್ರಿಪ್ಟಿನ ತಪ್ಪಲ್ಲ. ಆಮೇಲೆ ಓಡಿಸುವ ಆಜ್ಞೆ. ಲಾಗಿನ್ ಪುಟ ಬಂದಾಗ ಕ್ಯಾಪ್ಚಾ ಅಕ್ಷರಗಳನ್ನು ಅವರೇ ಟೈಪ್ ಮಾಡಬೇಕು ಎಂದು ಒತ್ತಿ ಹೇಳಿ. ಅದನ್ನು ತಪ್ಪಿಸುವ ಉಪಾಯ ಹುಡುಕಬೇಡಿ. ಪಾಸ್‌ವರ್ಡ್‌ಗಳನ್ನು ಟಿಪ್ಪಣಿಯಲ್ಲೂ ಸ್ಕ್ರಿಪ್ಟಿನಲ್ಲೂ ಇಡದೆ ಕಚೇರಿಯ ಯಜಮಾನರ ವಶಕ್ಕೆ ಕೊಡಿ.

ನಿಜವಾಗಿ ಜಾಗ ಬೇಕಾದದ್ದು ಎಣಿಕೆಗೆ. ನಿಮ್ಮ 46 ಜನರಲ್ಲಿ 9 ಮಂದಿ ಮೂರು ತಿಂಗಳಿಗೊಮ್ಮೆ ರಿಟರ್ನ್ ಸಲ್ಲಿಸುವವರು ಎಂದಿಟ್ಟುಕೊಳ್ಳಿ. ಅವರಿಗೆ ತ್ರೈಮಾಸಿಕದ ಮೊದಲ ಎರಡು ತಿಂಗಳು 2ಬಿ ಬರುವುದೇ ಇಲ್ಲ. ಹಾಗಾಗಿ ಅಕ್ಟೋಬರ್ ವರದಿಯನ್ನು ನವೆಂಬರ್ 14ಕ್ಕೆ ಇಳಿಸಿದಾಗ 37 ಫೈಲು ಬಂದರೆ ಸರಿ. ಡಿಸೆಂಬರ್ ವರದಿಯನ್ನು ಜನವರಿ 14ಕ್ಕೆ ಇಳಿಸಿದಾಗ ಮಾತ್ರ 46 ಬರಬೇಕು. ಇದು ಗೊತ್ತಿಲ್ಲದಿದ್ದರೆ ಆ ಹಿರಿಯರು ಒಂಬತ್ತು ಫೈಲು ಎಲ್ಲಿ ಹೋದವು ಎಂದು ರಾತ್ರಿಯವರೆಗೂ ತಡಕಾಡುತ್ತಾರೆ. ಆ ಒಂಬತ್ತು ಹೆಸರುಗಳನ್ನು ಪಟ್ಟಿ ಮಾಡಿಕೊಡಿ.

ಎಣಿಕೆ ಸರಿಬಂದ ಮೇಲೆ ಒಂದೆರಡು ಎಕ್ಸೆಲ್ ತೆರೆದು ಮೊದಲ ಹಾಳೆ `Read me` ನೋಡಲಿ. ಕರ್ನಾಟಕದ ಜಿಎಸ್‌ಟಿ ಸಂಖ್ಯೆ 29ರಿಂದ ಶುರುವಾಗುತ್ತದೆ; ಆ ಸಂಖ್ಯೆ, ತಿಂಗಳು, ಹೆಸರು ಮೂರೂ ಹೊಂದಬೇಕು. ಫೋಲ್ಡರ್‌ನಲ್ಲಿ `.crdownload` ಎಂದು ಕೊನೆಯಾಗುವ ಫೈಲಿದ್ದರೆ ಅದು ಅರ್ಧಕ್ಕೆ ನಿಂತದ್ದು, ಮತ್ತೆ ಇಳಿಸಬೇಕು. 14ರ ನಂತರ ಯಾರಾದರೂ ಇನ್‌ವಾಯ್ಸ್ ನಿರ್ವಹಣಾ ಪುಟದಲ್ಲಿ ಬಿಲ್ ಒಪ್ಪಿಯೋ ತಿರಸ್ಕರಿಸಿಯೋ ಇದ್ದರೆ 2ಬಿಯನ್ನು ಮರುಲೆಕ್ಕ ಮಾಡಿಸಿ ಹೊಸದನ್ನೇ ಇಳಿಸಬೇಕು. ಹಳೆಯ ಫೈಲು ನೋಡಲು ಸರಿಯಾಗಿಯೇ ಕಾಣುವುದರಿಂದ ಇದೇ ಹೆಚ್ಚು ಮೋಸಗೊಳಿಸುವಂಥದ್ದು.

ಹೋಗುವ ಮುನ್ನ ಸ್ಕ್ರಿಪ್ಟಿನಲ್ಲಿ ಹಿಂದಿನ ತಿಂಗಳನ್ನು ಲೆಕ್ಕಹಾಕುವ ಜಾಗವನ್ನು ನೀವೇ ಪರೀಕ್ಷಿಸಿ. ‘ಈ ತಿಂಗಳಿನಿಂದ ಒಂದು ಕಳೆ’ ಎಂದು ಬರೆದಿದ್ದರೆ ಜನವರಿಯಲ್ಲಿ ಸೊನ್ನೆ ಬಂದು ಸ್ಕ್ರಿಪ್ಟ್ ನಿಲ್ಲುತ್ತದೆ, ಆಗ ನೀವಿರುವುದಿಲ್ಲ. ಹೀಗೆ ಬರೆದರೆ ವರ್ಷವೂ ತಾನಾಗಿ ಹಿಂದಕ್ಕೆ ಹೋಗುತ್ತದೆ:

```python
from datetime import date, timedelta
prev = date.today().replace(day=1) - timedelta(days=1)
print(prev.strftime("%m%Y"))
```

2026ರ ಜನವರಿ 14ಕ್ಕೆ ಇದು `122025` ಎಂದು ತೋರಿಸಬೇಕು.

ಕ್ರೋಮ್ ಹೊಸದಾದಾಗ `SessionNotCreatedException` ಎಂಬ ಕೆಂಪು ಸಾಲು ಬರಬಹುದು. ಬ್ರೌಸರಿಗೂ ಅದನ್ನು ನಡೆಸುವ ಡ್ರೈವರಿಗೂ ಹೊಂದಲಿಲ್ಲ ಎಂದು ಅರ್ಥ. ಸೆಲೆನಿಯಂ 4.6 ಅಥವಾ ನಂತರದ್ದಿದ್ದರೆ ಸರಿಯಾದ ಡ್ರೈವರನ್ನು ಅದೇ ಹುಡುಕಿಕೊಳ್ಳುತ್ತದೆ. ಪೋರ್ಟಲ್ಲಿನ ಪುಟವೇ ಬದಲಾದರೆ ಮಾತ್ರ ಸ್ಕ್ರಿಪ್ಟ್ ತಿದ್ದಬೇಕು. ಅದು ಆ ಹಿರಿಯರ ಕೆಲಸವಲ್ಲ. ‘ಅಂಥ ದಿನ ಪೋರ್ಟಲ್‌ಗೆ ಹೋಗಿ ಕೈಯಿಂದಲೇ ಇಳಿಸಿ’ ಎಂದು ಬರೆದು, ಹೇಗೆಂದು ತೋರಿಸಿಕೊಡಿ. ಈ ಸಾಲು ಓದಿದ ಕೂಡಲೇ ಅವರ ಅರ್ಧ ಹೆದರಿಕೆ ಇಳಿಯುತ್ತದೆ.

ಈ 14ಕ್ಕೆ ಅವರನ್ನೇ ಕೀಬೋರ್ಡಿನ ಮುಂದೆ ಕೂರಿಸಿ. ನೀವು ಪಕ್ಕದಲ್ಲಿರಿ, ಮೌಸ್ ಮುಟ್ಟಬೇಡಿ. ಅವರು ತಡವರಿಸಿದ ಕಡೆ ಟಿಪ್ಪಣಿ ತಿದ್ದಿ, ಅವರು ಆಡಿದ ಮಾತಲ್ಲೇ. ಕೊನೆಗೆ ಯಜಮಾನರ ಎದುರಿಗೆ ಅದನ್ನು ಒಪ್ಪಿಸಿ, ತಾರೀಖು ಹಾಕಿಸಿ. ಅಲ್ಲಿಗೆ ನಿಮ್ಮ ಹೊಣೆ ಮುಗಿಯಿತು. ಆಮೇಲೆ ಒಂದೆರಡು ಫೋನ್ ಕರೆಗೆ ಉತ್ತರಿಸಿದರೆ ಅದು ನಿಮ್ಮ ದೊಡ್ಡಗುಣ.

ಪೋರ್ಟಲ್ಲಿನ ತೊಂದರೆಗೆ ಜಿಎಸ್‌ಟಿ ಸಹಾಯವಾಣಿ 1800-103-4786 ಇದೆ, ಅದನ್ನು ಟಿಪ್ಪಣಿಯ ಕೊನೆಗೆ ಬರೆಯಿರಿ. ಕೆಲಸ ಒಪ್ಪಿಸಿದ ಮೇಲೂ ನಿದ್ದೆ ಬರದಿದ್ದರೆ ಕಾಯಬೇಡಿ, 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ-ಮಾನಸ್, ಕನ್ನಡದಲ್ಲೇ ಮಾತಾಡಬಹುದು.